ಒಂದೇ ಫೋನಿನ ಊರು

ಒಂದು ನಿಮಿಷ ಇಲ್ಲೇ ಕೂರಿ. ಊಟ ತರಿಸುವ ಆ್ಯಪ್‌ನ ಜಾಹೀರಾತಿನ ಕಥೆ ಎಂದು ಮುಂದಕ್ಕೆ ಸರಿಸಿಬಿಡಬೇಡಿ. ಇದರಲ್ಲಿ ಒಬ್ಬ ಅಕ್ಕ ಇದ್ದಾರೆ. ಅವರವರೆಗೆ ಬನ್ನಿ, ಸಾಕು.

ನಾನು ಜಾಹೀರಾತಿನ ಕೆಲಸ ಕಲಿತದ್ದು ಯಾವ ಕಾಲೇಜಿನಲ್ಲೂ ಅಲ್ಲ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತೆ. ಅಷ್ಟರಲ್ಲಿ ಕೊಪ್ಪದ ಒಬ್ಬರು, ಹಿಂದೆ ಮದುವೆಗಳಿಗೆ ಅಡುಗೆ ಒಪ್ಪಿಕೊಳ್ಳುತ್ತಿದ್ದವರು, ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರೂ ಪೇಟೆಗೆ ಊಟ ತಲುಪಿಸುವ ಒಂದು ಆ್ಯಪ್ ಮಾಡಿಸಿದ್ದರು. ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿಯ ಮೇಲೆ ಅವರ ಆಫೀಸು. ಜಾಹೀರಾತು ನಾನು ನೋಡಿಕೊಳ್ಳುತ್ತೇನೆ ಎಂದೆ. "ಬಾ ಮಾರಾಯ, ಕಲ್ತಿದ್ದು ಇಲ್ಲೇ ಉಪಯೋಗ ಆಗ್ಲಿ" ಅಂದರು.

ಫೋನಿನಲ್ಲಿ ಇಂಥ ಜಾಹೀರಾತು ಶುರು ಮಾಡುವಾಗ, ಅದನ್ನು ಯಾರಿಗೆ ತೋರಿಸಬೇಕೆಂದು ತಾನೇ ಆರಿಸುವ ಒಂದು ಕಂಪ್ಯೂಟರ್ ಯಂತ್ರ ನಿಮಗೆ ಏನು ಬೇಕು ಎಂದು ಮೊದಲೇ ಕೇಳುತ್ತದೆ. ಎಷ್ಟು ಜನ ಆ್ಯಪ್ ಇಳಿಸಿಕೊಳ್ಳುತ್ತಾರೆ ಎನ್ನುವುದಷ್ಟೇ ಬೇಕಾದರೆ, ಕಡಿಮೆ ಖರ್ಚಿನಲ್ಲಿ ಇಳಿಸಿಕೊಳ್ಳುವವರನ್ನು ಹುಡುಕಿ ತರುತ್ತದೆ. ಇಳಿಸಿಕೊಂಡ ಮೇಲೆ ಒಳಗೆ ಒಂದು ಕೆಲಸ ಮಾಡಬೇಕು, ಉದಾಹರಣೆಗೆ ಆರ್ಡರ್ ಮಾಡಬೇಕು ಎಂದರೆ, ಅಂಥವರನ್ನೇ ಹುಡುಕುತ್ತದೆ. ಅವರು ದುಬಾರಿ, ಸಿಗುವುದೂ ನಿಧಾನ.

ಮಾಲೀಕರಿಗೆ ಇಳಿಸಿಕೊಂಡವರ ಸಂಖ್ಯೆ ಮೇಲೆ ಪ್ರೀತಿ. ಬೆಳಿಗ್ಗೆ ಬಂದ ತಕ್ಷಣ "ಇವತ್ತು ಎಷ್ಟಾಯ್ತನಾ?" ಎಂದು ಕೇಳುವರು. ಸಂಖ್ಯೆ ಏರುತ್ತಿತ್ತು, ಆರ್ಡರ್ ಬರುತ್ತಿರಲಿಲ್ಲ. ನೋಡಿದರೆ ಬಸರೀಕಟ್ಟೆಯ ಎಸ್ಟೇಟ್ ಕೂಲಿಗಳ ಲೈನ್ ಮನೆಗಳಲ್ಲಿ ಇಳಿಸಿಕೊಂಡಿದ್ದಾರೆ, ಮುತ್ತಿನಕೊಪ್ಪದಲ್ಲಿ ಇಳಿಸಿಕೊಂಡಿದ್ದಾರೆ. ತೆರೆದರೆ 'ಈ ಜಾಗಕ್ಕೆ ನಮ್ಮ ಸೇವೆ ಇಲ್ಲ' ಎಂದು ಬರುತ್ತದೆ. ಅವರು ಚಿತ್ರಾನ್ನದ ಫೋಟೋ ನೋಡಿ ಆ್ಯಪ್ ಅಳಿಸಿಹಾಕುತ್ತಾರೆ.

"ಅಣ್ಣ, ಆ್ಯಪ್ ಇದ್ದವರೆಲ್ಲ ಊಟ ಮಾಡೋರಲ್ಲ" ಎಂದೆ. "ಆರ್ಡರ್ ಮಾಡೋರನ್ನ ಹುಡುಕು ಅಂತ ಬದಲಾಯಿಸಣ."

"ಸಂಖ್ಯೆ ಬಿದ್ದೋಗುತ್ತಲ್ಲ ಮಾರಾಯ."

"ಸಂಖ್ಯೆ ಬೀಳುತ್ತೆ, ಒಲೆ ಉರಿಯುತ್ತೆ."

ಅವರು ನಕ್ಕರು. "ಮಾತಲ್ಲಿ ನೀನು ನಮ್ಮ ಅಡುಗೆ ಭಟ್ರನ್ನ ಮೀರ್‍ಸಿದೀಯ. ಮಾಡು, ನೋಡಣ."

ಒಂದು ತೊಡಕಿತ್ತು. ಆ ಯಂತ್ರಕ್ಕೆ ಕಲಿಯಲು ಆರ್ಡರ್‌ಗಳು ಬೇಕು. ಯಾರು ಮಾಡಿದರು, ಅವರಂಥವರು ಇನ್ನೆಲ್ಲಿದ್ದಾರೆ ಎಂದು ಅದು ಲೆಕ್ಕ ಹಾಕುವುದೇ ಆರ್ಡರ್ ನೋಡಿ. ನಮ್ಮ ಒಂದೊಂದು ಪೇಟೆಗೆ ಬೇರೆ ಬೇರೆ ಜಾಹೀರಾತು ಮಾಡಿದರೆ ಯಾವುದಕ್ಕೂ ಕಲಿಯುವಷ್ಟು ಆರ್ಡರ್ ಆಗುವುದಿಲ್ಲ. ಅದಕ್ಕೇ ಮೂರನ್ನೂ ಒಂದರಲ್ಲೇ ಹಾಕಿದೆ.

ಎರಡೇ ವಾರದಲ್ಲಿ ಆರ್ಡರ್ ಏರಿತು. ಮಾಲೀಕರು ಎಲ್ಲರಿಗೂ ಕೇಸರಿಬಾತ್ ತರಿಸಿದರು. ಯಾವ ಊರಿನಿಂದ ಎಷ್ಟು ಎನ್ನುವ ವಿವರ ನಾನು ತೆರೆದದ್ದು ಆಮೇಲೆ. ಏರಿದ್ದೆಲ್ಲ ಶೃಂಗೇರಿಯದು. ಲಾಡ್ಜಿಗೆ ಬಂದಿಳಿದವರು, ಒಲೆ ಇಲ್ಲದವರು, ಮಕ್ಕಳಿಗೆ ಹಸಿವು. ಆ್ಯಪ್ ಇಳಿಸಿಕೊಂಡ ಹತ್ತು ನಿಮಿಷಕ್ಕೆ ಆರ್ಡರ್. ಯಂತ್ರಕ್ಕೆ ಅಂಥವರ ರುಚಿ ಹತ್ತಿತ್ತು, ದುಡ್ಡನ್ನೆಲ್ಲ ಅಲ್ಲೇ ಸುರಿಯುತ್ತಿತ್ತು. ಎನ್.ಆರ್.ಪುರದಲ್ಲಿ ನಮ್ಮ ಜಾಹೀರಾತು ಹೆಚ್ಚುಕಡಿಮೆ ಕಾಣಿಸುತ್ತಲೇ ಇರಲಿಲ್ಲ.

ಎನ್.ಆರ್.ಪುರಕ್ಕೆ ಇದ್ದದ್ದು ಒಬ್ಬರೇ ಡೆಲಿವರಿಯವರು, ನಾನು ಹೇಳಿದ ಅಕ್ಕ. ಹಳೆಯ ಸ್ಕೂಟಿ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಒಂದು ಆರ್ಡರ್ ಮುಗಿಸಿ ಮನೆಗೆ ಹೋಗಿ ತಾಯಿಯ ಮಗ್ಗುಲು ತಿರುಗಿಸಿ, ನೀರು ಕುಡಿಸಿ, ಮುಂದಿನ ಆರ್ಡರಿಗೆ ಹೊರಡುವರು. ಇಂಥ ಬಿಡುವು ಕೊಡುವ ಕೆಲಸ ಆ ಊರಿನಲ್ಲಿ ಅವರಿಗೆ ಇನ್ನೊಂದು ಇರಲಿಲ್ಲ.

"ಆ ಊರು ಮುಚ್ಚಣ" ಅಂದರು ಮಾಲೀಕರು. "ಹೊಸ ಗಿರಾಕಿ ಒಬ್ರೂ ಇಲ್ಲ. ಶೃಂಗೇರಿಲಿ ಊಟ ತಲುಪ್ಸೋ ಜನ ಸಾಲ್ತಿಲ್ಲ. ಬೇಕಾದ್ರೆ ಆ ಅಕ್ಕ ಅಲ್ಲಿಗೆ ಬರ್ಲಿ."

"ಅವ್ರು ಹೆಂಗೆ ಬರ್ತಾರೆ ಅಣ್ಣ, ಅಮ್ಮನ್ನ ಬಿಟ್ಟು?"

"ಈ ತಿಂಗಳು ಮುಗಿಯೋವರೆಗೂ ನೋಡು. ಹೊಸಬ್ರು ಬಂದ್ರೆ ಇರ್ಲಿ."

ಎನ್.ಆರ್.ಪುರದ ಆರ್ಡರ್‌ಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಆರ್ಡರ್ ಇದ್ದವು. ದಿನವೂ ಇದ್ದವು. ಆದರೆ ಎಲ್ಲವೂ ಒಂದೇ ಫೋನಿನಿಂದ ಬಂದಿದ್ದವು. ಅಕ್ಕನ ಫೋನಿನಿಂದ.

ಮರುದಿನ ಬಸ್ ಹತ್ತಿ ಹೋದೆ. ಅಕ್ಕ ಹೋಟೆಲ್ ಮುಂದೆ ಪಾರ್ಸೆಲ್ಲಿಗೆ ಕಾಯುತ್ತಿದ್ದರು. ಕೇಳಿದ್ದಕ್ಕೆ ಏನೂ ಮುಚ್ಚಿಡಲಿಲ್ಲ.

"ಮತ್ತೆಂತ ಮಾಡದು ತಮ್ಮ? ಆ್ಯಪಿನ ಮ್ಯಾಪಲ್ಲಿ ಇಲ್ಲಿನೋರ ಮನೆ ಗುರ್ತು ಹಾಕಿದ್ರೆ ಭದ್ರಾ ಹಿನ್ನೀರೊಳಗೆ ಹೋಗಿ ನಿಲ್ತದೆ. ನಾನೇನು ದೋಣಿಲಿ ಹೋಗ್ಲನಾ? ಅದಕ್ಕೆ ನಂಗೇ ಫೋನ್ ಮಾಡ್ತಾರೆ, ನನ್ನ ಫೋನಲ್ಲೇ ಒತ್ತಿ, 'ಹಲಸಿನ ಮರದ ಪಕ್ಕದ ಮನೆ' ಅಂತ ಬರೀತೀನಿ. ಆರ್ಡರ್ ಆಯ್ತಲ್ಲ, ನಿಮಗೆ ಅಷ್ಟೇ ಅಲ್ಲನಾ ಬೇಕಿದ್ದು?"

ಅಷ್ಟೇ ಅಲ್ಲ ಎಂದು ಹೇಳುವುದು ಕಷ್ಟವಾಯಿತು. ಜಾಹೀರಾತು ನೋಡಿ ಆ್ಯಪ್ ಇಳಿಸಿಕೊಂಡ ಫೋನಿನಿಂದಲೇ ಆರ್ಡರ್ ಆದರೆ ಮಾತ್ರ ಯಂತ್ರಕ್ಕೆ ಅದು ಪಾಠ. ಅಕ್ಕನ ಫೋನು ಜಾಹೀರಾತಿನಿಂದ ಬಂದದ್ದಲ್ಲ. ಹಾಗಾಗಿ ಅವರು ಒತ್ತಿದ ಆರ್ಡರ್‌ಗಳಿಂದ ಅದು ಏನೂ ಕಲಿಯಲಿಲ್ಲ. ಅದರ ಕಣ್ಣಿಗೆ ಎನ್.ಆರ್.ಪುರ ಎಂದರೆ ಜನ ಆ್ಯಪ್ ಇಳಿಸಿಕೊಂಡು ಏನೂ ತರಿಸದ ಊರು.

ಆ್ಯಪ್ ಇಳಿಸಿಕೊಂಡವರು ತಮ್ಮ ಫೋನಿನಿಂದಲೇ ಒತ್ತಲಿ ಎಂದು ಹೇಳಿಕೊಡಲು ಅಂದು ಇಬ್ಬರೂ ಮನೆಮನೆಗೆ ಹೋದೆವು. ಆಸ್ಪತ್ರೆ ಹತ್ತಿರದ ಕ್ವಾರ್ಟರ್ಸಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಫೋನ್ ಅಕ್ಕನ ಕೈಗೇ ಕೊಟ್ಟರು.

"ನೀನೇ ಒತ್ತು ಮಾರಾಯ್ತಿ. ಒತ್ತಕ್ಕೆ ನಂಗೆ ಹೇಳ್ಕೊಟ್ರೆ ನೀನು ಎಂತಕ್ಕೆ ಬೇಕು?"

"ನೀವು ಒತ್ತದಿಲ್ಲ ಅಂತ್ಲೇ ಸರ್ ನಾನು ಬೇಡ ಆಗ್ತಿರದು" ಅಂದರು ಅಕ್ಕ. ಮೇಷ್ಟ್ರು ನಕ್ಕರು. ಅಕ್ಕ ನಗಲಿಲ್ಲ.

ಕೊಪ್ಪಕ್ಕೆ ಬಂದು ಎನ್.ಆರ್.ಪುರಕ್ಕೆ ಮಾತ್ರ ಬೇರೆ ಜಾಹೀರಾತು ಮಾಡಿದೆ. ಆರ್ಡರ್ ಬದಲು ಅದಕ್ಕಿಂತ ಒಂದು ಮೆಟ್ಟಿಲು ಹಿಂದಿನ ಕೆಲಸವನ್ನು ಗುರಿ ಇಟ್ಟೆ: ನಾವು ತಲುಪಿಸುವ ಜಾಗದೊಳಗಿನ ವಿಳಾಸವನ್ನು ಉಳಿಸಿಕೊಳ್ಳುವುದು. ಆರ್ಡರಿಗಿಂತ ಇದು ಹೆಚ್ಚು ಜನ ಮಾಡುವಂಥದ್ದು, ಯಂತ್ರ ಬೇಗ ಕಲಿಯುತ್ತದೆ ಎನ್ನುವ ಲೆಕ್ಕ. ಆ್ಯಪ್ ಮಾಡಿಕೊಟ್ಟ ಹುಡುಗರು ಮ್ಯಾಪ್ ಇಲ್ಲದೆ ಓಣಿಯ ಹೆಸರು ಬರೆದೇ ವಿಳಾಸ ಉಳಿಸುವಂತೆ ಮಾಡಿ, ಹಾಗೆ ಉಳಿಸಿದ್ದನ್ನು ಯಂತ್ರಕ್ಕೆ ತಿಳಿಸುವ ಏರ್ಪಾಡು ಸೇರಿಸಿ, ಹೊಸ ಆವೃತ್ತಿ ಜನರ ಫೋನಿಗೆ ಹೋಗುವಷ್ಟರಲ್ಲಿ ತಿಂಗಳಿನ ಬಹುಪಾಲು ಮುಗಿದಿತ್ತು. ಕೊನೆಯ ವಾರದಲ್ಲಿ ವಿಳಾಸಗಳು ಬರಲು ಶುರುವಾದವು. ಬ್ಯಾಂಕಿನ ಓಣಿ, ಆಸ್ಪತ್ರೆ ರಸ್ತೆ. ಆರ್ಡರ್ ಇನ್ನೂ ಬಂದಿರಲಿಲ್ಲ. ನಮ್ಮೂರಿನವರು ಇಳಿಸಿಕೊಂಡ ದಿನವೇ ತರಿಸುವವರಲ್ಲ. ನೋಡುತ್ತಾರೆ, ಪಕ್ಕದ ಮನೆಯವರನ್ನು ಕೇಳುತ್ತಾರೆ, ನೆಂಟರು ಬಂದ ದಿನ ತರಿಸುತ್ತಾರೆ, ಆಮೇಲೆ ಬಿಡುವುದಿಲ್ಲ.

ಮಾಲೀಕರಿಗೆ ವಿಳಾಸಗಳನ್ನು ತೋರಿಸಿದೆ. "ಇನ್ನೊಂದು ತಿಂಗಳು ಕೊಡಿ ಅಣ್ಣ."

"ವಿಳಾಸ ತಗಂಡು ಎಂತ ಮಾಡ್ಲಿ? ನೀನೇ ಹೇಳಿದ್ಯಲ್ಲ, ಆ್ಯಪ್ ಇದ್ದವರೆಲ್ಲ ಊಟ ಮಾಡೋರಲ್ಲ ಅಂತ."

ನನ್ನ ಮಾತೇ.

ತಿಂಗಳು ಮುಗಿದ ಮೇಲೆ ಆ್ಯಪ್‌ನಲ್ಲಿ ಎನ್.ಆರ್.ಪುರ ಆರಿಸಿದರೂ 'ಈ ಜಾಗಕ್ಕೆ ನಮ್ಮ ಸೇವೆ ಇಲ್ಲ' ಎಂದು ಬರತೊಡಗಿತು. ಕೆಲವು ದಿನ ಜನ ಅಕ್ಕನಿಗೇ ಫೋನ್ ಮಾಡಿ ತರಿಸಿದರು. ತಲುಪಿಸುವ ದುಡ್ಡನ್ನು ಮೊದಲು ಗಿರಾಕಿಯಿಂದ ಕೇಳದೆ ಆ್ಯಪ್ ತಾನೇ ಅಕ್ಕನಿಗೆ ಕೊಡುತ್ತಿತ್ತು. ಈಗ ಅಕ್ಕ ಕೇಳಬೇಕಾಯಿತು. ಕೇಳಿದ ಮೇಲೆ ಫೋನ್ ಕಡಿಮೆಯಾದವು, ಆಮೇಲೆ ನಿಂತವು.

ಅಕ್ಕ ಈಗ ಪೆಟ್ರೋಲ್ ಬಂಕಿನಲ್ಲಿದ್ದಾರೆ. ಬೆಳಿಗ್ಗೆ ಹೋದರೆ ಸಂಜೆಯವರೆಗೆ ಬಿಡುವಿಲ್ಲ. ಪಕ್ಕದ ಮನೆಯವರು ಮಧ್ಯಾಹ್ನ ಒಮ್ಮೆ ಬಾಗಿಲು ತೆರೆದು ನೋಡುತ್ತಾರೆ. ಈಚೆಗೆ ಬಂಕಿನಲ್ಲಿ ಸಿಕ್ಕಾಗ ತಾಯಿ ಹೇಗಿದ್ದಾರೆ ಎಂದು ಕೇಳಿದೆ.

"ಬೆನ್ನಲ್ಲಿ ಹುಣ್ಣಾಗಿದೆ ತಮ್ಮ. ಮಗ್ಗುಲು ತಿರುಗ್ಸೋರು ಇಲ್ಲಲ್ಲ" ಅಂದರು. ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ಅಕ್ಕ ಪೈಪು ಎತ್ತಿಕೊಂಡು ಅತ್ತ ಹೋದರು.

ಜಾಹೀರಾತಿನ ಲೆಕ್ಕದಲ್ಲಿ ನಾನು ಹೇಳಿದ್ದು ಸರಿಯೇ ಇತ್ತು. ಶೃಂಗೇರಿಯಲ್ಲಿ ಇವತ್ತಿಗೂ ಆರ್ಡರ್ ಚೆನ್ನಾಗಿದೆ. ಆದರೆ ನಮ್ಮಂಥ ಪೇಟೆಗಳಲ್ಲಿ, ಒಬ್ಬರ ಫೋನನ್ನು ಹತ್ತು ಮನೆ ಬಳಸುವಲ್ಲಿ, ಈ ಕೆಲಸ ಮಾಡುವವರು ಇನ್ನೂ ಇದ್ದೀರಿ. ಆರ್ಡರನ್ನು ಗುರಿ ಇಟ್ಟಾಗ ನಿಮ್ಮಲ್ಲಿ ಯಾವ ಊರು ಲೆಕ್ಕದಿಂದ ಬಿದ್ದುಹೋಯಿತು, ಉಳಿಸಿಕೊಂಡಿದ್ದರೆ ಹೇಗೆ ಉಳಿಸಿಕೊಂಡಿರಿ, ಕೆಳಗೆ ಬರೆಯಿರಿ. ನನಗೆ ನಿಜವಾಗಿ ತಿಳಿಯಬೇಕಾಗಿದೆ.