ಹಾಳೆಯಲ್ಲಿಲ್ಲದ ಸಾಲು

ಶಹಾಬಾದದಲ್ಲಿ ಈ ಸಂಗತಿಯನ್ನು ಹೇಳುವವರು ಹೇಳುವುದೇ ಬೇರೆ. ಸಿದ್ದಣ್ಣನವರ ಸತ್ತ ಅಜ್ಜ ನನ್ನ ಮೈಮೇಲೆ ಬಂದು ತನ್ನ ಖರೀದಿ ಪತ್ರವನ್ನು ತಾನೇ ಓದಿದನಂತೆ, ನನ್ನ ಕಣ್ಣು ಕೆಂಪಾಗಿದ್ದವಂತೆ. ಪತ್ರ ಓದುವಾಗ ಅಲ್ಲಿದ್ದವಳು ನಾನೊಬ್ಬಳೇ. ಹಾಗಿದ್ದರೆ ನನ್ನ ಕಣ್ಣು ನೋಡಿದವರು ಯಾರು? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೆವ್ವ ಇಲ್ಲವೆಂದು ವಾದಿಸಿ ಗೆದ್ದವಳು ನಾನು. ಇಂದಿಗೂ ಅದೇ ವಾದ ನನ್ನದು. ಆದರೂ ಅಂದು ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ನನ್ನ ಕೆಲಸ ನಿಜಾಮರ ಕಾಲದ ಉರ್ದು ದಸ್ತಾವೇಜುಗಳನ್ನು ಕೋರ್ಟಿಗಾಗಿ ಕನ್ನಡಕ್ಕೆ ತರುವುದು. ಫರಸಿ ಕಲ್ಲಿನ ಪಾಲಿಶ್ ಕಾರ್ಖಾನೆ ಇಟ್ಟಿರುವ ಸಿದ್ದಣ್ಣ ತಮ್ಮ ಅಜ್ಜನ ಖರೀದಿ ಪತ್ರದ ಜೆರಾಕ್ಸ್ ತಂದರು. ರಾವೂರಿನ ನಾಗಮ್ಮ ಎಂಬ ವಿಧವೆಯ ಮಾವನಿಂದ ಅವರ ಅಜ್ಜ ಕೊಂಡ ಹೊಲ ಅದು. ಚಿತ್ತಾಪುರ ಕೋರ್ಟಿನಲ್ಲಿ ಸಿದ್ದಣ್ಣ ಹೂಡಿದ ದಾವೆ ನಡೆದಿತ್ತು. ಅವರ ವಶದಲ್ಲಿದ್ದದ್ದು ಎರಡು ಎಕರೆ ಹತ್ತು ಗುಂಟೆ. ಪತ್ರದಲ್ಲಿ ಮೂರು ಎಕರೆ ಹತ್ತು ಗುಂಟೆ ಎಂದಿದ್ದರೆ ನಾಗಮ್ಮನ ವಶದಲ್ಲಿರುವ ಇನ್ನೊಂದು ಎಕರೆಯೂ ಅವರಿಗೆ ಹೋಗುತ್ತದೆ. ಆಕೆಯ ಮನೆ, ಗಂಡನನ್ನು ಮಣ್ಣು ಮಾಡಿದ ಜಾಗ, ಎರಡೂ ಆ ಎಕರೆಯಲ್ಲೇ ಇದ್ದವು. ಸುದ್ದಿ ತಿಳಿದು ಆಕೆಯೂ ನನ್ನ ಬಾಗಿಲಿಗೆ ಬಂದಿದ್ದಳು. "ಕಲ್ಲಿನ ಖಣಿ ಮಾಡ್ತಾರಂತವ್ವಾ. ಅಂವಾ ಅಲ್ಲೇ ಮಲಗ್ಯಾನ, ಹ್ಯಾಂಗ ಎಬ್ಬಿಸ್ಲಿ?" ಎಂದಳು. ಇದ್ದದ್ದನ್ನು ಇದ್ದ ಹಾಗೆ ಬರೆಯುವುದಷ್ಟೇ ನನ್ನ ಕೈಯಲ್ಲಿದೆ ಎಂದು ಕಳಿಸಿದೆ.

ಉರ್ದು ಅಂಕಿಗಳಲ್ಲಿ ಎರಡರ ತಲೆಗೆ ಒಂದು ಕೊಂಡಿ, ಮೂರರ ತಲೆಗೆ ಎರಡು. ಒಂದು ಗೀರು ಎಳೆದರೆ ಎರಡು ಮೂರಾಗುತ್ತದೆ. ಅದೇ ಪುಟದ ಸರ್ವೆ ನಂಬರಿನಲ್ಲಿದ್ದ ಮೂರರ ಪಕ್ಕ ಎಕರೆಯ ಮೂರನ್ನು ಇಟ್ಟು ನೋಡಿದೆ. ಒಂದು ಕೊಂಡಿ ಆ ಬರಹಗಾರನ ಕೈಯದಲ್ಲ ಅನ್ನಿಸಿತು. ಇಂಥ ಅನುಮಾನ ಬಂದಾಗ ಅಕ್ಷರದಲ್ಲಿ ಬರೆದದ್ದನ್ನು ನೋಡಬೇಕು. ಆದರೆ ಅಕ್ಷರವಿದ್ದ ಕೊನೆಯ ಸಾಲು ಹರಿದುಹೋಗಿತ್ತು. ಜೆರಾಕ್ಸಿನಲ್ಲಿ ಮಸಿಯ ಬಣ್ಣ ತಿಳಿಯುವುದಿಲ್ಲ. "ಹಿಂದಿನ ಪುಟ?" ಎಂದು ಕೇಳಿದ್ದೆ. "ಹಿಂದ ಖಾಲಿ ಅದರಿ ಅಕ್ಕಾರ" ಎಂದಿದ್ದರು ಸಿದ್ದಣ್ಣ.

ತರ್ಜುಮೆಗೆ ಮೊದಲು ಪತ್ರವನ್ನು ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ನನ್ನ ರೂಢಿ. ಟೈಪ್ ಮಾಡಿದ್ದನ್ನು ಆಮೇಲೆ ಅದರೊಡನೆ ತಾಳೆ ನೋಡುತ್ತೇನೆ. ಅಂದು ಮಧ್ಯಾಹ್ನ ಕರೆಂಟು ಹೋಗಿ, ಸುತ್ತಲಿನ ಕಲ್ಲು ಕೊಯ್ಯುವ ಯಂತ್ರಗಳೆಲ್ಲ ನಿಂತಿದ್ದವು. ಓದಿದೆ, ಹರಿದ ಸಾಲಿಗೆ ನಿಲ್ಲಿಸಿದೆ. ನನಗೆ ನೆನಪಿರುವುದು ಇಷ್ಟೇ.

ಸಂಜೆ ತಾಳೆ ನೋಡಲು ಕುಳಿತಾಗ ರೆಕಾರ್ಡಿಂಗ್ ಅಲ್ಲಿಗೆ ನಿಲ್ಲಲಿಲ್ಲ. ನನ್ನದೇ ಧ್ವನಿ, ತುಸು ನಿಧಾನವಾಗಿ, ಮುಂದುವರಿಯಿತು: "ನಿಸ್ಫ್ ಜಿಸ್ಕಾ ಏಕ್ ಎಕರ್ ಪಾಂಚ್ ಗುಂಟೆ." ಅದರ ಅರ್ಧ ಒಂದು ಎಕರೆ ಐದು ಗುಂಟೆ ಎಂದರ್ಥ. ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ಆ ಸಾಲೇ ಇರಲಿಲ್ಲ.

ಹಳೆಯ ಪತ್ರಗಳಲ್ಲಿ ಮೊತ್ತ ಬರೆದು, ಯಾರೂ ತಿದ್ದಬಾರದೆಂದು ಅದರ ಅರ್ಧವನ್ನೂ ಬರೆಯುತ್ತಿದ್ದರು. ಸಾಮಾನ್ಯವಾಗಿ ಹಣಕ್ಕೆ, ಅಪರೂಪಕ್ಕೆ ಭೂಮಿಗೆ. ಬಾಯಿ ರೂಢಿಯಿಂದ ಮುಂದೆ ಓಡಿತು ಎಂದು ವಾದಿಸಿಕೊಂಡೆ. ಸರಿ, ಓಡಲಿ. ಆದರೆ ಎಕರೆಗೆ ನಲವತ್ತು ಗುಂಟೆಯ ಲೆಕ್ಕದಲ್ಲಿ ಮೂರೆಕರೆ ಹತ್ತು ಗುಂಟೆಯ ಅರ್ಧ ಒಂದೆಕರೆ ಇಪ್ಪತ್ತೈದು ಗುಂಟೆ. ನಾನು ಹೇಳಿದ್ದು ಎರಡೆಕರೆ ಹತ್ತು ಗುಂಟೆಯ ಅರ್ಧ. ಅನುಮಾನ ಮೊದಲೇ ಇತ್ತಲ್ಲ, ಮನಸ್ಸೇ ಲೆಕ್ಕ ಹಾಕಿರಬಹುದು ಎಂದೂ ವಾದಿಸಿದೆ.

ಮೂಲ ಪ್ರತಿ ನೋಡದೆ ದೃಢೀಕರಿಸುವುದಿಲ್ಲ ಎಂದು ಸಿದ್ದಣ್ಣನವರಿಗೆ ಹೇಳಿದೆ. ತಂದರು, ಸಿಡಿಮಿಡಿಗೊಂಡೇ. "ತರ್ಜುಮಾ ಅದರಿ ಅಕ್ಕಾರ, ಭಾಷಣದ ಸ್ಪರ್ಧಾ ಅಲ್ಲ. ಮೂರು ಅಂತ ಬರ್ದು ಸಹಿ ಹಾಕ್ರಿ."

ಬಿಸಿಲಿಗೆ ಹಿಡಿದೆ. ಹಳೆಯ ಮಸಿ ಕಂದು ಬಣ್ಣಕ್ಕೆ ತಿರುಗಿತ್ತು, ಆ ಒಂದು ಕೊಂಡಿ ಕಪ್ಪಾಗಿತ್ತು. ಅಂಕಿಯ ಮೇಲೆ ಹಾದಿದ್ದ ಮಡಿಕೆಯ ಬಿರುಕಿನೊಳಗೆ ಆ ಕಪ್ಪು ಇಳಿದು ಹರಡಿತ್ತು. ಕಾಗದ ಮಡಿಚಿ ಸವೆದ ಮೇಲೆ ಎಳೆದ ಗೀರು ಅದು. ಹಾಳೆ ತಿರುವಿದೆ. ಹಿಂಬದಿಯ ಮೊದಲ ಸಾಲು, ರೆಕಾರ್ಡಿಂಗಿನಲ್ಲಿದ್ದದ್ದೇ, ಪದಕ್ಕೆ ಪದ.

ಅಂಕಿಯನ್ನು ತಿದ್ದುವುದು ಅನುವಾದಕಿಯ ಕೆಲಸವಲ್ಲ. ಇದ್ದ ಹಾಗೆ ಮೂರು ಎಂದೇ ಬರೆದು, ಕೆಳಗೆ ಟಿಪ್ಪಣಿ ಹಾಕುತ್ತೇನೆಂದೆ: ಒಂದು ಗೀರು ಬೇರೆ ಮಸಿಯದು, ಅಕ್ಷರದ ಸಾಲು ಹರಿದಿದೆ, ಹಿಂಬದಿಯ ಅರ್ಧ ಇಷ್ಟು. ಸಿದ್ದಣ್ಣ ಕೂಗಾಡಿದರು. "ಹಿಂದ ಬರ್ದದ್ದು ಅದ ಅಂತ ನಿಮಗ ಮೊದಲ ಯಾರು ಹೇಳ್ಯಾರ? ಆ ಮುದುಕಿ ಎಷ್ಟು ಕೊಟ್ಟಾಳ?"

ಉತ್ತರವಾಗಿ ರೆಕಾರ್ಡಿಂಗ್ ಹಾಕಿದೆ. ನನ್ನ ಧ್ವನಿ ಓದುತ್ತ ಹೋಯಿತು, ಅವರು ಕಾಲ ಮೇಲೆ ಕಾಲು ಹಾಕಿ ಕುಳಿತೇ ಕೇಳಿದರು. ಕೊನೆಯ ಸಾಲು ಬಂದಾಗ ಕುರ್ಚಿಯಿಂದ ಎದ್ದರು. ಚಪ್ಪಲಿ ಕಳಚಿ, ಕೈ ಕಟ್ಟಿ, ನನ್ನ ಭುಜದ ಹಿಂದೆ ನೋಡುತ್ತ ತಲೆ ತಗ್ಗಿಸಿದರು. ನಾನು ಹಿಂದಕ್ಕೆ ತಿರುಗಿ ನೋಡಿದೆ. ಗೋಡೆಯಿತ್ತು, ಅಷ್ಟೇ.

ಪತ್ರ ಎತ್ತಿಕೊಂಡು ಬರಿಗಾಲಲ್ಲೇ ಹೊರಟುಹೋದರು. ಆ ಪತ್ರ ಕೋರ್ಟಿಗೆ ಬರಲೇ ಇಲ್ಲ, ದಾವೆ ಹಿಂತೆಗೆದುಕೊಂಡರು. ನಾಗಮ್ಮ ಈಗಲೂ ಆ ಮನೆಯಲ್ಲಿದ್ದಾಳೆ. ಮೈಮೇಲೆ ಬಂದ ಕಥೆ ಹುಟ್ಟಿದ್ದು ಸಿದ್ದಣ್ಣನವರ ಮನೆಯಿಂದಲೇ ಎನ್ನುತ್ತಾರೆ, ಅವರ ಬಾಯಿಂದ ನಾನು ಕೇಳಿಲ್ಲ. ನನ್ನ ವಾದಗಳೆಲ್ಲ ನನ್ನ ಧ್ವನಿಗೆ ಸಂಬಂಧಿಸಿದವು. ಅವರು ನಿಂತ ರೀತಿಗೆ ನನ್ನಲ್ಲಿ ಒಂದು ವಾದವೂ ಇಲ್ಲ.

ಹೋದ ವರ್ಷ ವಾಡಿ ಸ್ಟೇಶನ್ನಿನಲ್ಲಿ ಎದುರಾದರು. ನನ್ನನ್ನು ಕಂಡು ಸರಸರನೆ ನಡೆದರು. ಬೆನ್ನ ಹಿಂದೆಯೇ ಹೋಗಿ, ಜನರೆದುರಿಗೇ ಕೇಳಿದೆ: "ಅಣ್ಣಾರ, ಅವತ್ತು ಯಾರನ್ನ ನೋಡಿ ಎದ್ದು ನಿಂತ್ರಿ?"