ಬಿಳಿಯ ಮೇಲೆ ಮದರಂಗಿ

ಗಂಡಿನ ಕಡೆಯವರು ಕೇಳಿದ್ದು ಕೈ ಕಾಲು ಕಾಣುವಂಥ ಪೂರ್ತಿ ಫೋಟೋ. ಬರೀ ಮುಖದ್ದು ಸಾಲದು ಎಂದು ಹುಬ್ಬಳ್ಳಿಯಿಂದ ಹೇಳಿ ಕಳಿಸಿದ್ದರು. ಗಂಡಿಗೆ ಎರಡನೇ ಸಂಬಂಧ, ಮೊದಲನೆಯವಳು ತೀರಿಕೊಂಡು ಮನೆಯಲ್ಲೊಂದು ಪುಟ್ಟ ಮಗು ಬೇರೆ ಇತ್ತು. ಅಂಥವರಿಗೂ ಇಷ್ಟು ಗತ್ತು! ಆದರೆ ಮುಂಬಯಿಯ ಪರೇಲದ ಚಾಳಿನ ಒಂದೂವರೆ ಕೋಣೆಯಲ್ಲಿ ಕೂತ ನಮಗೆ ತಿರುಗಿ ಗತ್ತು ತೋರಿಸುವ ಸ್ಥಿತಿ ಇರಲಿಲ್ಲ. ನನ್ನ ಬಲಗೈಯ ಹಿಂಭಾಗದಲ್ಲಿ ಬೆರಳುಗಳ ಬುಡದಿಂದ ಮಣಿಕಟ್ಟಿನವರೆಗೆ ತೊನ್ನು ಹಬ್ಬಿತ್ತು. ಎಡಗೈಯಲ್ಲೂ ಶುರುವಾಗಿತ್ತು. ಹಣೆಯಲ್ಲಿ, ಸರಿಯಾಗಿ ಕುಂಕುಮ ಇಡುವ ಜಾಗದಲ್ಲಿ, ಇನ್ನೊಂದು ಬಿಳಿ ಚುಕ್ಕೆ.

ಗಿರಗಾಂವದ ವೈದ್ಯರೊಬ್ಬರು ಬಾವಂಚಿ ಬೀಜದ ಎಣ್ಣೆ ಕೊಟ್ಟಿದ್ದರು. ಅದನ್ನು ಹಚ್ಚಿಕೊಂಡು ಗಚ್ಚಿಯ ಮೇಲೆ ಬಿಸಿಲಿಗೆ ಕೂರಬೇಕು. ಕೂತೆ. ಬಣ್ಣ ಬರಲಿಲ್ಲ, ಬೊಕ್ಕೆ ಬಂದವು. ಅವು ಮಾಗುವ ತನಕ ಕುಂಕುಮ, ಬಳೆ, ಮದರಂಗಿ ಯಾವುದನ್ನೂ ಮುಟ್ಟಿಸಕೂಡದು ಎಂದು ವೈದ್ಯರ ಕಟ್ಟಪ್ಪಣೆ. ಅಪ್ಪ ಬಟ್ಟೆ ವ್ಯಾಪಾರಿಯೊಬ್ಬನ ಪೇಢಿಯಲ್ಲಿ ಗುಮಾಸ್ತರು, ಗಿರಾಕಿಯನ್ನು ಕಾಯಿಸಿದರೆ ಕೆಡುತ್ತದೆ ಎಂಬುದನ್ನು ಅಲ್ಲೇ ಕಲಿತವರು. ಬೋಳು ಹಣೆ, ಬೋಳು ಕೈಯಲ್ಲೇ ನನ್ನನ್ನು ದಾದರದ ಒಂದು ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿಯೇ ಬಿಟ್ಟರು. ಇಲ್ಲದ್ದನ್ನೆಲ್ಲ ಆಮೇಲೆ ಫೋಟೋದ ಮೇಲೆ ಬರೆದುಕೊಡುವವನೊಬ್ಬ ಅಲ್ಲಿದ್ದಾನೆ, ಕನ್ನಡದವನೇ, ಎಂದು ಯಾರೋ ಹೇಳಿದ್ದರಂತೆ.

ಆತ ಉಡುಪಿಯ ಕಡೆಯವನು. ಹೋಟೆಲುಗಳ ಬೋರ್ಡು ಬರೆಯಲು ಬಂದು, ಅಂಧೇರಿಯ ಕಡೆ ಸಿನೆಮಾ ಸೆಟ್ಟಿನ ಪರದೆಗಳಿಗೆ ಬಣ್ಣ ಬಳಿದು, ಅಲ್ಲಿ ಯಾರೊಡನೆಯೋ ಜಗಳವಾಡಿ ಈ ಸ್ಟುಡಿಯೋದ ಹಿಂಕೋಣೆಗೆ ಬಂದು ಬಿದ್ದಿದ್ದ. ಸಿಡುಕ. ತನ್ನ ಕೆಲಸದ ಬಗ್ಗೆ ವಿಪರೀತ ಜಂಬ. ನನಗೂ ಅವನಿಗೂ ಸರಿಹೋಗಲು ಅದೇ ಕಾರಣವಿರಬೇಕು.

ಮೊದಲ ಸಲ ಅಪ್ಪನ ಜೊತೆ ಹೋದಾಗ ಅವನು ಹಣೆಯ ಬೊಟ್ಟು ಮತ್ತು ಬಳೆಗಳನ್ನು ಮುಗಿಸಿ ಇಟ್ಟಿದ್ದ. ತಿಳಿ ಕಂದು ಬಣ್ಣದ ಪ್ರಿಂಟಿನ ಮೇಲೆ ಕೆಂಪು ಬೊಟ್ಟು, ಎರಡೂ ಕೈಗೆ ಹಸಿರು ಬಳೆ. ಅಪ್ಪ ಕನ್ನಡಕ ಏರಿಸಿ ನೋಡಿ, "ಬೊಟ್ಟು ಸೊಟ್ಟ ಆಗ್ಯದಲ್ರೀ. ನಡುವ ಇಲ್ಲ. ದುಂಡೂ ಇಲ್ಲ" ಎಂದರು.

"ಮುಖವೇ ಓರೆ ಉಂಟಲ್ಲ ಮಾರಾಯ್ರೆ" ಎಂದು ಆತ ರೇಗಿದ. "ಮೂಗಿನ ಗೆರೆ ಹಿಡಿದು ಮೇಲೆ ಹೋಗಿ ಕಾಣಿ, ಬೊಟ್ಟು ಅಲ್ಲೇ ಉಂಟು. ಹಣೆ ಆಚೆಗೆ ತಿರುಗಿದ ಹಾಗೆ ಬೊಟ್ಟು ಸಣಕಲಾಗ್ತದೆ. ದುಂಡಗೆ ಇಟ್ಟರೆ ಕಾಗದಕ್ಕೆ ಚೀಟಿ ಅಂಟಿಸಿದ ಹಾಗೆ ಕಾಣ್ತದೆ."

ಬಳೆಗಳೂ ದುಂಡಗಿರಲಿಲ್ಲ. ಮಣಿಕಟ್ಟು ಒರಗಿದ ಕಡೆಗೇ ಅವೂ ಒರಗಿ, ಕೈಯ ಹಿಂದಕ್ಕೆ ಹೋಗಿ ಮರೆಯಾಗುತ್ತಿದ್ದವು. ಬೆಳಕು ಎಡಗಡೆಯ ದೀಪದ್ದು. ಆ ಬದಿಯಲ್ಲಿ ಮಾತ್ರ ಒಂದೊಂದು ಬಳೆಯ ಮೇಲೂ ಬ್ಲೇಡಿನ ತುದಿಯಿಂದ ಬಣ್ಣ ಕೆರೆದು ಹೊಳಪು ತೆಗೆದಿದ್ದ. ಬಳೆಯ ಅಡಿಗೆ ಚರ್ಮದ ಮೇಲೆ ಕೂದಲೆಳೆಯಷ್ಟು ನೆರಳು. ಬೊಟ್ಟಿಗೇಕೆ ಹೊಳಪಿಲ್ಲ ಎಂದು ಕೇಳಿದೆ. "ಕುಂಕುಮ ಹುಡಿ ಅಲ್ವಾ? ಹುಡಿ ಹೊಳೆಯುದಿಲ್ಲ, ಗಾಜು ಹೊಳೀತದೆ" ಎಂದ. ಎಷ್ಟೋ ತಿಂಗಳ ಮೇಲೆ ಬೊಟ್ಟಿಟ್ಟ ನನ್ನ ಮುಖವನ್ನು ನಾನು ನೋಡಿದ್ದು ಆಗಲೇ. ಚೆನ್ನಾಗಿದ್ದೆ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ, ನಿಜವಾಗಿಯೂ ಚೆನ್ನಾಗಿದ್ದೆ.

ಉಳಿದದ್ದು ಕೈ. ಮಣಿಕಟ್ಟಿನ ಕಲೆಯನ್ನು ಬಳೆ ಮುಚ್ಚಿತ್ತು, ಮಡಿಲಲ್ಲಿದ್ದ ಎಡಗೈ ಬಲಗೈಯ ಅಡಿಗಿತ್ತು. ಬಲಗೈಯ ಹಿಂಭಾಗ ಮಾತ್ರ ಪೂರ್ತಿ ತೆರೆದುಕೊಂಡು ಕೂತಿತ್ತು. ಅದರ ಮೇಲೆ ತುಂಬ ಮದರಂಗಿ ಬರೆದುಬಿಡಿ ಎಂದು ಅಪ್ಪ ಹೇಳಿದರು. ಆಗುವುದಿಲ್ಲವೆಂದು ಆತ ತಲೆಯಾಡಿಸಿದ.

"ಬರೀಲಿಕ್ಕೆ ಕೈಯೇ ಇಲ್ಲ ಇಲ್ಲಿ. ಬಿಳಿ ಕಡೆ ದೀಪ ಬಿದ್ದು ಎಲ್ಲ ತೊಳೆದು ಹೋಗಿದೆ. ಗೆಣ್ಣು ಎಲ್ಲಿ, ನರ ಎಲ್ಲಿ, ಕೈ ಎಲ್ಲಿ ಇಳೀತದೆ, ಎಂತದೂ ಕಾಣುದಿಲ್ಲ. ಮೊದಲು ನೆರಳು ಹಾಕಿ ಕೈ ಮಾಡ್ಬೇಕು, ಮತ್ತೆ ಅದರ ಮೇಲೆ ಗೆರೆ. ಅದಕ್ಕೆ ನನಗೆ ಎದುರಿಗೆ ಒಂದು ಕೈ ಬೇಕು."

ನನ್ನ ಕೈಯನ್ನೇ ಇಟ್ಟುಕೊಂಡು ಕೂರೋಣವೆಂದರೆ ಕಣ್ಣಿಗೂ ಅದು ಹಾಗೆಯೇ, ಬಿಳಿಯ ಮೇಲೆ ಉಬ್ಬು ತಗ್ಗು ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಮೇಲೆ ಬೊಕ್ಕೆಯ ಕಲೆಗಳು. ಕೊನೆಗೆ ನನ್ನ ತಂಗಿಯನ್ನು ಕೂರಿಸುವುದೆಂದಾಯಿತು. ನನಗಿಂತ ಸ್ವಲ್ಪವೇ ಚಿಕ್ಕವಳು, ಕೈಗಳು ನನ್ನವೇ ಎನ್ನುವಷ್ಟು ಒಂದೇ ತರಹ. ನನ್ನ ಮದುವೆ ಆಗದೆ ಅವಳದು ಆಗುವಂತಿರಲಿಲ್ಲವಾದ್ದರಿಂದ ಅವಳಿಗೂ ಇದರಲ್ಲಿ ಪಾಲಿತ್ತು. ಗೆರೆಗಳು ಗೆಣ್ಣಿನ ಹತ್ತಿರ ಹೇಗೆ ಒತ್ತಾಗುತ್ತವೆ ಎಂಬುದನ್ನು ಊಹಿಸಿ ಬರೆಯುವುದು ಸಾಧ್ಯವಿಲ್ಲ, ಕೈ ಮೇಲೆ ನಿಜವಾದ ಮದರಂಗಿಯೇ ಬೇಕೆಂದು ಆತ ಹಟ ಹಿಡಿದ. ಪಕ್ಕದ ಬಿಲ್ಡಿಂಗಿನ ಮಾರವಾಡಿ ಹೆಂಗಸು ತಂಗಿಯ ಬಲಗೈಯ ಹಿಂಭಾಗದಲ್ಲಿ ದೊಡ್ಡ ಹೂವೊಂದನ್ನು, ಅದರಿಂದ ತೋರುಬೆರಳಿಗೆ ಇಳಿಯುವ ಬಳ್ಳಿಯೊಂದನ್ನು ಬಿಡಿಸಿದಳು.

ಅವ್ವ ಮಾತ್ರ ಬೇಡವೆಂದಳು. "ನಮ್ಮಾಗ ಅಂಗೈ ಹಿಂದ ಮದರಂಗಿ ಯಾರು ಹಚ್ಕೋತಾರ? ಅಂಗೈದಾಗ ಒಂದು ಚಂದ್ರ, ಬೆರಳಿಗೆ ಟೊಪ್ಪಿಗಿ, ಮುಗೀತು. ಇದನ್ನ ನೋಡಿದ್ರ ಅವರು ಕೇಳೂದಿಲ್ಲೇನು?"

"ಮುಂಬಯಿ ಫ್ಯಾಶನ್ ಅಂತ ಹೇಳಿದ್ರಾತು" ಎಂದರು ಅಪ್ಪ. ಬೆರಳ ತುದಿಯ ಟೊಪ್ಪಿಗೆಯಿಂದ ನನ್ನ ಕೈಯ ಕಲೆ ಮುಚ್ಚುವಂತಿರಲಿಲ್ಲ. ಅವ್ವನಿಗೂ ಅದು ಗೊತ್ತಿತ್ತು.

ಸ್ಟುಡಿಯೋದಲ್ಲಿ ತಂಗಿ ಅದೇ ಕುರ್ಚಿಯಲ್ಲಿ ಅದೇ ದೀಪಕ್ಕೆ ಕೈ ಇಟ್ಟು ಕೂತಳು. ನಾನು ಆತನ ಬೆನ್ನ ಹಿಂದೆ ನಿಂತು ನೋಡಿದೆ. ಅವನು ಮೊದಲು ನನ್ನ ಬಿಳಿ ಕಲೆಯ ಮೇಲೆ ತೆಳ್ಳಗೆ ಕಂದು ಬಣ್ಣ ಎಳೆದ, ಹತ್ತಿಯಿಂದ ಒರೆಸಿದ, ಮತ್ತೆ ಎಳೆದ. ನೋಡುತ್ತ ನೋಡುತ್ತ ಅಲ್ಲಿ ಗೆಣ್ಣುಗಳು ಎದ್ದವು. ಆಮೇಲೆ ಸಣ್ಣ ಬ್ರಷ್ಷಿನಿಂದ ಹೂವು. ದೀಪದ ಕಡೆಯ ಎಸಳುಗಳು ತಿಳಿಯಾಗಿ ಅಗಲವಾಗಿ, ಕಿರುಬೆರಳಿನ ಕಡೆ ಇಳಿಯುವ ಎಸಳುಗಳು ಕಿರಿದಾಗಿ, ಮಬ್ಬಾಗಿ. ಬಳ್ಳಿ ಗೆಣ್ಣು ಹತ್ತಿ ಇಳಿಯುವಲ್ಲಿ ಬಾಗಿತು. ತಂಗಿ ಕೈ ಅಲ್ಲಾಡಿಸಿದಾಗೆಲ್ಲ ಅವಳಿಗೆ ಬೈಗುಳ. ಮುಗಿದ ಮೇಲೆ ಅದು ನನ್ನ ಕೈ ಅಲ್ಲವೆಂದು ಹೇಳಲು ನನಗೇ ಆಗುತ್ತಿರಲಿಲ್ಲ. ಮತ್ತೆ ಮತ್ತೆ ಬಾಗಿ ಅದನ್ನೇ ನೋಡಿದೆ. ಸಂತೋಷವೇ ಇರಬೇಕು ಎಂದುಕೊಂಡೆ.

ಫೋಟೋ ಹುಬ್ಬಳ್ಳಿಗೆ ಹೋಯಿತು. ಹೆಣ್ಣು ನೋಡಲು ಬರುತ್ತೇವೆಂದು ಕೂಡಲೇ ಉತ್ತರ ಬಂತು. ಫೋಟೋ ಒಪ್ಪಿದ ಮೇಲೆ ನೋಡುವುದು ಬರೀ ಶಾಸ್ತ್ರ, ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತರಾಯಿತು, ತಾಳಿ ಬಿದ್ದ ಮೇಲೆ ದೇವರಿದ್ದಾನೆ ಎಂಬುದು ಅಪ್ಪನ ಲೆಕ್ಕಾಚಾರ.

ಬಂದವರು ಗಂಡು, ಅವನ ತಾಯಿ, ಸೋದರಮಾವ. ಬೊಕ್ಕೆ ಮಾಗಿದ್ದರಿಂದ ಹಣೆಗೆ ಅಗಲವಾಗಿ ಕುಂಕುಮ ಇಟ್ಟು, ಎರಡೂ ಕೈಗೆ ಸೆರಗು ಹೊದಿಸಿ ನನ್ನನ್ನು ಚಾಪೆಯ ಮೇಲೆ ಕೂರಿಸಿದರು. ಗಂಡು ಒಳ್ಳೆಯವನಂತೆ ಕಂಡ. ನೆಲ ನೋಡುತ್ತಿದ್ದ. ಎಲ್ಲ ಯೋಚಿಸಿದ್ದ ನಾವು ಒಂದನ್ನು ಮರೆತಿದ್ದೆವು. ಕೈ ಹೊರಗೆ ತೆಗೆಯಲಾಗದವಳು ಚಹಾದ ತಟ್ಟೆ ಹೇಗೆ ಹಿಡಿಯಬೇಕು? ಅವ್ವ ಗಾಬರಿಯಲ್ಲಿ ತಟ್ಟೆಯನ್ನು ತಂಗಿಯ ಕೈಗೆ ಕೊಟ್ಟು ಕಳಿಸಿದಳು.

ತಂಗಿಯ ಕೈಯ ಬಣ್ಣ ಮಾಸಿತ್ತು, ಆದರೆ ಅಳಿಸಿರಲಿಲ್ಲ. ದೊಡ್ಡ ಹೂವು, ತೋರುಬೆರಳಿಗೆ ಇಳಿದ ಬಳ್ಳಿ.

ಗಂಡಿನ ತಾಯಿ ಕಪ್ಪನ್ನು ಮುಟ್ಟಲಿಲ್ಲ. ಚೀಲದಿಂದ ನನ್ನ ಫೋಟೋ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ನಮ್ಮ ಕಡೀ ಹುಡುಗಿ ಅಂಗೈ ಹಿಂದ ಯಾಕ ಹಚ್ಚಿಕೊಂಡಾಳ ಅಂತ ಅವತ್ತಽ ಅನ್ಕೊಂಡಿದ್ದೆ" ಎಂದರು, ಯಾರಿಗೂ ಅಲ್ಲ ಎಂಬಂತೆ. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಕೈ ತೋರಸವಾ" ಎಂದರು.

ಅಪ್ಪ ಏನೋ ಹೇಳಲು ಬಾಯಿ ತೆರೆದರು. ನಾನು ಕಾಯಲಿಲ್ಲ, ಸೆರಗು ಸರಿಸಿ ಕೈ ಚಾಚಿದೆ. ಸಿಟ್ಟಿನಿಂದ ಚಾಚಿದೆ. ಸೋದರಮಾವ ಕೂತಲ್ಲೇ ಹಿಂದಕ್ಕೆ ಸರಿದ. ಗಂಡು ಆಗಲೂ ನೆಲವನ್ನೇ ನೋಡುತ್ತಿದ್ದ. ಆ ತಾಯಿ ಜಗಳವಾಡಲಿಲ್ಲ, ಶಪಿಸಲಿಲ್ಲ. ತಂಗಿಯನ್ನು ಹತ್ತಿರ ಕರೆದು ಅವಳ ತೋಳು, ಕತ್ತು, ಕಿವಿಯ ಹಿಂದೆ, ಪಾದ, ಎಲ್ಲವನ್ನೂ ಬಾಗಿಲ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ಎದ್ದು ಹೊರಡುವಾಗ ಅವ್ವನಿಗೆ, "ಆ ಹುಡುಗೀನ ಕೊಡೂದಾದ್ರ ಹೇಳಿ ಕಳಸ್ರಿ. ಕೂಸಿಗೆ ಯಾರರೆ ಬೇಕು ನಮಗ" ಎಂದರು.

ಅಪ್ಪ ಎರಡು ದಿನ ಕೂಗಾಡಿದರು. ಆಮೇಲೆ ಕೂಗು ಇಳಿಯಿತು. ಅಕ್ಕನಿಗೆ ತೊನ್ನು ಎಂಬ ಸುದ್ದಿ ಇನ್ನು ಹಬ್ಬದೆ ಇರುವುದಿಲ್ಲ, ಹಬ್ಬಿದ ಮೇಲೆ ತಂಗಿಯನ್ನು ಕೇಳಿಕೊಂಡು ಯಾರೂ ಈ ಮೆಟ್ಟಿಲು ಹತ್ತುವುದಿಲ್ಲ. ಅದು ನನಗೂ ಅರ್ಥವಾಗುತ್ತಿತ್ತು. ತಂಗಿ ರಾತ್ರಿಯೂಟ ಬಿಟ್ಟು ಅತ್ತಳು. "ನೀ ಬ್ಯಾಡ ಅಂದ್ರ ನಾ ಹೋಗೂದಿಲ್ಲಕ್ಕ" ಎಂದಳು. ಬೇಡ ಅನ್ನಬೇಕೆಂದು ನನಗೆ ಎಷ್ಟು ಅನ್ನಿಸಿತೆಂದರೆ ನಾಲಿಗೆಯನ್ನು ಹಲ್ಲಿನಲ್ಲಿ ಹಿಡಿದುಕೊಂಡೆ. "ಹೋಗು" ಎಂದೆ. ಪ್ರೀತಿಯಿಂದ ಹೇಳಲಿಲ್ಲ. ಅವಳಿಗೂ ಅದು ತಿಳಿಯಿತು.

ಮದುವೆ ನಮ್ಮ ಚಾಳಿನ ಅಂಗಳದಲ್ಲೇ ಆಯಿತು. ಹಿಂದಿನ ದಿನ ಹೆಂಗಸರು ಸೇರಿ ಮದರಂಗಿ ಅರೆದರು. ನಮ್ಮ ಪದ್ಧತಿಯಂತೆ ಅಂಗೈಗೆ ಚಂದ್ರ, ಬೆರಳಿಗೆ ಟೊಪ್ಪಿಗೆ. ಮದುವೆಯಾಗದ ಹುಡುಗಿಯರಿಗೆಲ್ಲ ಹಚ್ಚಬೇಕೆಂದು ನನ್ನನ್ನೂ ಕರೆದರು. ನಾನು ಅಂಗೈ ಕೊಡಲಿಲ್ಲ, ಕೈ ಬೋರಲು ಮಾಡಿ ಇಟ್ಟೆ. ಹಚ್ಚುತ್ತಿದ್ದ ಮುದುಕಿ ಒಂದು ಕ್ಷಣ ನನ್ನ ಮುಖ ನೋಡಿ, ಉಳಿದ ಮದರಂಗಿಯನ್ನೆಲ್ಲ ಬಿಳಿಯ ಮೇಲೆ ಬಳಿದಳು.

ಬೆಳಿಗ್ಗೆ ಎಲ್ಲರೂ ಕೈ ತೊಳೆದುಕೊಂಡು ಸಾಲಾಗಿ ಕೂತೆವು. ಮುದುಕಿ ಒಬ್ಬೊಬ್ಬಳ ಕೈಯನ್ನೂ ಹಿಡಿದು ನೋಡುತ್ತ ಬಂದಳು. ಯಾರ ಕೈಗೆ ಹೆಚ್ಚು ಕೆಂಪು ಹತ್ತಿದೆಯೋ ಅವಳ ಗಂಡನಿಗೆ ಅವಳ ಮೇಲೆ ಅಷ್ಟು ಪ್ರೀತಿ ಎಂದು ಹೇಳುವ ರೂಢಿ. ತಂಗಿಯ ಕೈಗೆ ಸಾಧಾರಣ ಹತ್ತಿತ್ತು. "ಚಲೋ ನೋಡ್ಕೋತಾನ ತಗೋ" ಎಂದಳು. ಎಲ್ಲರೂ ನಕ್ಕರು. ಆಮೇಲೆ ನನ್ನ ಕೈ ಎತ್ತಿದಳು. ಆ ಬಿಳಿ ಚರ್ಮದ ಮೇಲೆ ಬಣ್ಣ ಎದ್ದು ಉರಿಯುತ್ತಿತ್ತು. ಅಷ್ಟು ಕೆಂಪು ಆ ಸಾಲಿನಲ್ಲಿ ಯಾರ ಕೈಯಲ್ಲೂ ಇರಲಿಲ್ಲ. ನಗು ನಿಂತಿತು. ಮುದುಕಿ ನನ್ನ ಕೈಯನ್ನು ಮೆಲ್ಲಗೆ ನನ್ನ ತೊಡೆಯ ಮೇಲೆ ಇಟ್ಟು, ಪಕ್ಕದವಳ ಕೈ ಹಿಡಿದಳು.