ತ್ಯಾಂಪಣ್ಣನ ಬಾಯಿ, ಶೀಲಾವತಿಯ ಸೀರೆ

ದರ್ಬೆಯ ಆ ನಾಲ್ಕು ಮಾಳಿಗೆಯ ಅಪಾರ್ಟ್‌ಮೆಂಟಿನವರು ಇಸ್ತ್ರಿಯ ತ್ಯಾಂಪಣ್ಣನಿಗೆ ಹೆದರುತ್ತಿದ್ದಷ್ಟು ಮನೆಸಾಲಕ್ಕೂ ಹೆದರುತ್ತಿರಲಿಲ್ಲ. ಅಂಗಿ, ಪ್ಯಾಂಟಿಗೆ ಹತ್ತು, ಸೀರೆಗೆ ನಲ್ವತ್ತು. ಎಲ್ಲರೂ ಕೆಲಸಕ್ಕೆ ಹೊರಡುವ ಮೊದಲು ಒಯ್ದು ಸಂಜೆ ತಂದುಕೊಡುತ್ತಿದ್ದ. ಅದೆಲ್ಲ ಸರಿ. ಆದರೆ ಬಟ್ಟೆ ಕೈಗೆ ಬಂದ ಕೂಡಲೇ ಬಾಗಿಲಲ್ಲೇ ಒಂದೊಂದನ್ನೂ ಬಿಡಿಸಿ, ಇದ್ದ ಊನವನ್ನು ಇಡೀ ಮಾಳಿಗೆಗೆ ಕೇಳುವಂತೆ ಸಾರುತ್ತಿದ್ದ. “ಕಾಲರ್ ಸವೆದಿದೆ! ಕಂಕುಳಲ್ಲಿ ತೂತುಂಟು! ಜಿಪ್ಪು ಹೋಗಿದೆ!” ಆಮೇಲೆ ಯಾರೂ ‘ನೀನೇ ಹಾಳು ಮಾಡಿದ್ದು’ ಅನ್ನಬಾರದಲ್ಲ. ತಾನೇ ಸುಟ್ಟರೆ ಮಾತ್ರ ಬಟ್ಟೆಯ ಪೂರ್ತಿ ಕ್ರಯ ಅವನೇ ಕೊಡುವುದು. ಇಷ್ಟು ವರ್ಷದಲ್ಲಿ ಒಂದೂ ಸುಟ್ಟಿಲ್ಲ ಎಂಬ ಜಂಬ ಬೇರೆ.

ಒಂದು ಬೆಳಿಗ್ಗೆ ಹೈಸ್ಕೂಲು ಟೀಚರ್ ಶೀಲಾವತಿ ಹೊಸ ಸೀರೆ ಕೊಟ್ಟಳು. “ಆಫರಿನಲ್ಲಿ ಎಂಟುನೂರಕ್ಕೆ ಸಿಕ್ಕಿದ್ದು, ಜಾಗ್ರತೆ” ಎಂದಳು, ತ್ಯಾಂಪಣ್ಣನಿಗಿಂತ ಹೆಚ್ಚಾಗಿ ಒಳಗೆ ಕೂತಿದ್ದ ಗಂಡನಿಗೆ ಕೇಳಲೆಂದು. ಗಂಡ ತೀರ್ಥರಾಮ ಬ್ಯಾಂಕಿನವ. ಸೆರಗು ಬಿಡಿಸಿದರೆ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು: ಆಫರ್ ಕಳೆದೂ ನಾಲ್ಕು ಸಾವಿರ. ತ್ಯಾಂಪಣ್ಣ ಬಾಯಿ ತೆರೆದ. ಶೀಲಾವತಿಯ ಮುಖ ನೋಡಿ ಮುಚ್ಚಿದ. ಜನ್ಮದಲ್ಲೇ ಮೊದಲ ಸಲ.

ಅದರಿಂದಲೇ ತಲೆ ಕೆಟ್ಟಿರಬೇಕು. ಕಾಟನ್ ಅಂಗಿಗಳಿಗೆಂದು ತೆಂಗಿನ ಗೆರಟೆಯ ಕೆಂಡ ತುಂಬಿಸಿದ್ದ ಇಸ್ತ್ರಿಪೆಟ್ಟಿಗೆಯನ್ನು ಆರಲು ಬಿಡದೆ, ನಡುವೆ ಒದ್ದೆ ಬಟ್ಟೆಯನ್ನೂ ಹಾಸದೆ, ಆ ಸಿಂಥೆಟಿಕ್ ಸೀರೆಯ ಮೇಲಿಟ್ಟ. ಸೆರಗು ಕರಗಿ ಪೆಟ್ಟಿಗೆಯ ಅಡಿಗೆ ಅಂಟಿತು.

ಎಂಟುನೂರು ಕೊಟ್ಟು ಕೈತೊಳೆದುಕೊಳ್ಳುವ ಯೋಚನೆ ಬರಲಿಲ್ಲ ಎಂದರೆ ಸುಳ್ಳು. ಚೆನ್ನಾಗಿಯೇ ಬಂತು. ಆದರೆ ಮಂದಿಯ ಕಂಕುಳ ತೂತನ್ನೆಲ್ಲ ಸಾರಿದ ಬಾಯಿಗೆ ಅದು ಒಗ್ಗಲಿಲ್ಲ. ನಾಚಿಕೆಯಾಯಿತು.

ಸಂಜೆ ಅದೇ ಬಾಗಿಲಲ್ಲಿ ಅದೇ ಗಂಟಲಿನಲ್ಲಿ ಕೂಗಿದ: “ಸೆರಗು ಸುಟ್ಟಿದೆ! ಸುಟ್ಟದ್ದು ನಾನೇ!” ಅಕ್ಕಪಕ್ಕದ ಬಾಗಿಲುಗಳೆಲ್ಲ ತೆರೆದವು, ಎಲ್ಲರಿಗೂ ಹಬ್ಬ. “ಕೈಯಲ್ಲಿ ಅಷ್ಟು ದುಡ್ಡಿಲ್ಲ ಅಕ್ಕ. ನಿಮ್ಮ ನೂರು ಸೀರೆಗೆ ಇಸ್ತ್ರಿ ಫ್ರೀ.”

ಶೀಲಾವತಿಯ ಮುಖಕ್ಕೆ ಜೀವ ಬಂತು. ಅಷ್ಟರಲ್ಲಿ ತೀರ್ಥರಾಮ ಎದ್ದು ಬಂದ.

“ಎಂತ ಲೆಕ್ಕ ಮಾರಾಯ್ರೆ ನಿಮ್ಮದು? ನೂರು ಸೀರೆ ಅಂದ್ರೆ ನಾಲ್ಕು ಸಾವಿರ ಆಯ್ತಲ್ಲ! ಎಂಟುನೂರಕ್ಕೆ ಇಪ್ಪತ್ತು ಸಾಕು.”

“ಇರ್ಲಿ ಸರ್, ನಂಗೆ ಲೆಕ್ಕ ಬರುದಿಲ್ಲ.”

“ನಂಗೆ ಬರ್ತದಲ್ಲ! ದುಡಿದು ತಿನ್ನುವವರಿಗೆ ನಾವು ಮೋಸ ಮಾಡುದಾ? ಅಲ್ವಾ ಶೀಲಾ?”

ಶೀಲಾವತಿ ಸೀರೆಯನ್ನು ನೋಡಿದಳು, ಗಂಡನನ್ನು ನೋಡಿದಳು. “ಹೌದು” ಎಂದಳು. ತೀರ್ಥರಾಮನ ದೊಡ್ಡ ಮನಸ್ಸನ್ನು ಮಾಳಿಗೆಯವರೆಲ್ಲ ಹೊಗಳಿದರು.

ಇಪ್ಪತ್ತು ಸೀರೆ ಮುಗಿಯಿತು. ಇಪ್ಪತ್ತೊಂದನೆಯದನ್ನು ತಂದಾಗ ತೀರ್ಥರಾಮ ಬಾಗಿಲಿಗೆ ಬೆನ್ನು ಹಾಕಿ ಟಿವಿ ನೋಡುತ್ತಿದ್ದ. “ಅವರ ದುಡ್ಡು ಕೊಟ್ಟುಬಿಡು” ಎಂದ. ಶೀಲಾವತಿ ನಲ್ವತ್ತು ರೂಪಾಯಿ ಮುಂದೆ ಹಿಡಿದಳು. ತ್ಯಾಂಪಣ್ಣ ಅದನ್ನು ತೆಗೆದುಕೊಂಡು ಸೀರೆಯ ಮಡಿಕೆಯೊಳಗೆ ತುರುಕಿ, ಸೀರೆಯನ್ನು ಅವಳ ಕೈಗಿಟ್ಟ.

ಆಮೇಲೆ ಇಡೀ ಮಾಳಿಗೆಗೆ ಕೇಳುವಂತೆ ಸಾರಿದ: “ನಲ್ವತ್ತು ಸಿಕ್ಕಿತು ಅಕ್ಕ!”